ಹೊಗೆ ಕಂಡ ಮೇಲೆ ಉರಿ ತಗ್ಗಿಸಿ

ಕೋಲ್ಕತ್ತಾದ ಲೇಕ್ ಮಾರ್ಕೆಟ್ಟಿನ ಸುತ್ತ ದಕ್ಷಿಣದವರು ಬಹಳ ಕಾಲದಿಂದ ನೆಲೆಸಿದ್ದಾರೆ. ಕುಂದಾಪುರದ ಕಡೆಯಿಂದ ಹೋದ ನನಗೆ ಅಲ್ಲಿಗೆ ಸಮೀಪದಲ್ಲೇ ಬಾಡಿಗೆ ಕೋಣೆಯೊಂದು ಸಿಕ್ಕಿದಾಗ ಕಾಫಿಪುಡಿ, ಬಾಳೆಎಲೆಗೆಲ್ಲ ಪರದಾಡುವ ಕಷ್ಟ ಇರಲಿಲ್ಲ. ಕಷ್ಟ ಶುರುವಾದದ್ದು ಮೀನು ಹುರಿಯಲು ಕೂತಾಗ. ತೆಂಗಿನೆಣ್ಣೆ ಮುಗಿದಿತ್ತು. ಮೂಲೆಯ ಅಂಗಡಿಯಲ್ಲಿ ಸಾಸಿವೆ ಎಣ್ಣೆಯ ಸೀಸೆ ತಂದೆ. ನಮ್ಮ ಮನೆಯಲ್ಲಿ ಮಾಡುವ ಹಾಗೆಯೇ ಬಾಣಲೆಗೆ ಎಣ್ಣೆ ಹಾಕಿ, ಅದು ಬಿಸಿಯಾಗಿ ಸಣ್ಣಗೆ ಅಲುಗಾಡಿದ ಕೂಡಲೇ ರೋಹು ಮೀನಿನ ತುಂಡುಗಳನ್ನು ಇಟ್ಟೆ. ಎಣ್ಣೆ ನೊರೆ ಕಟ್ಟಿಕೊಂಡು ಮೇಲೆದ್ದಿತು. ಕಣ್ಣಲ್ಲಿ ನೀರು ಬಂತು. ಹುರಿದ ಮೀನನ್ನು ಬಾಯಿಗಿಟ್ಟರೆ ಮೀನಿನ ರುಚಿಗಿಂತ ಮೊದಲು ಮೂಗಿಗೆ ಹತ್ತಿದ್ದು ಎಣ್ಣೆಯ ಹಸಿ ಘಾಟು.

ಮನೆಯೊಡತಿಯನ್ನು ನಾನು ಮಾಶಿಮಾ ಎಂದು ಕರೆಯುತ್ತಿದ್ದೆ. ಬಂಗಾಳಿಯಲ್ಲಿ ಚಿಕ್ಕಮ್ಮ, ದೊಡ್ಡಮ್ಮನಿಗೂ ಆ ವಯಸ್ಸಿನ ಯಾವ ಹೆಂಗಸಿಗೂ ಸಲ್ಲುವ ಮರ್ಯಾದೆಯ ಮಾತು ಅದು. ಅವರು ತಟ್ಟೆಯನ್ನು ನೋಡಿ ಒಂದೇ ಮಾತು ಹೇಳಿದರು: "ಎಣ್ಣೆ ಕಾಂಚಾ ಇದೆ ಮಗಳೇ, ಹೊಗೆ ಬರುವ ತನಕ ಕಾಯಿಸಬೇಕು." ಕಾಂಚಾ ಎಂದರೆ ಹಸಿ. ಸಾರಿನ ಪುಡಿಯದೋ ಬೆಳ್ಳುಳ್ಳಿಯದೋ ಹಸಿ ವಾಸನೆ ಹೋಗುವ ತನಕ ಹುರಿಯಬೇಕು ಎಂದು ನಾವು ಹೇಳುತ್ತೇವಲ್ಲ, ಅಲ್ಲಿ ಅದೇ ಮಾತನ್ನು ಎಣ್ಣೆಗೂ ಹೇಳುತ್ತಾರೆ. ಎಣ್ಣೆಗೂ ಹಸಿತನ ಇರುತ್ತದೆ ಎನ್ನುವುದು ತೆಂಗಿನೆಣ್ಣೆಯ ಮನೆಯಲ್ಲಿ ಬೆಳೆದ ನನಗೆ ಹೊಸದು.

ಮರುವಾರ ಹೊಗೆ ಬರುವ ತನಕ ಕಾಯಿಸಿದೆ. ಹೊಗೆಯೂ ಬಂತು. ಆ ಹೊಗೆಯಲ್ಲೇ ಮೀನನ್ನು ಬಿಟ್ಟೆ. ಎಣ್ಣೆ ಸಿಡಿದು ಮುಂಗೈಗೆ ಬಿತ್ತು, ಮೀನಿಗೆ ಸವರಿದ್ದ ಅರಿಸಿನ ಕ್ಷಣದಲ್ಲಿ ಕಪ್ಪಾಯಿತು, ಹೊರಗೆ ಸೀದು ಒಳಗೆ ಮುಳ್ಳಿನ ಬಳಿ ಹಸಿಯಾಗಿಯೇ ಉಳಿಯಿತು. ಮಾಶಿಮಾ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಮಾತಿನ ಉಳಿದರ್ಧವನ್ನು ಅವರು ಹೇಳಿರಲಿಲ್ಲ. ಆ ಊರಿನಲ್ಲಿ ಅದನ್ನು ಯಾರಿಗೂ ಹೇಳಬೇಕಾಗಿ ಬರುವುದಿಲ್ಲ. ಹೊಗೆ ಕಂಡ ಮೇಲೆ ಉರಿ ತಗ್ಗಿಸಬೇಕು, ಎಣ್ಣೆ ಇಳಿಯುವ ತನಕ ಕಾಯಬೇಕು. ಎಣ್ಣೆಯನ್ನು ಹದ ಮಾಡುವುದು ಒಂದು ಕೆಲಸ, ಮೀನನ್ನು ಹುರಿಯುವುದು ಇನ್ನೊಂದು. ಎರಡಕ್ಕೂ ಬೇಕಾದ ಬಿಸಿ ಬೇರೆ ಬೇರೆ.

ಘಾಟು ಎಲ್ಲಿಂದ ಬರುತ್ತದೆ ಎನ್ನುವುದನ್ನು ತಿಳಿಯಲು ನಮ್ಮ ಅಡುಗೆಮನೆಯೇ ಸಾಕು. ಸಾಸಿವೆ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ, ಏನೂ ವಾಸನೆ ಇರುವುದಿಲ್ಲ. ಒಗ್ಗರಣೆಯಲ್ಲಿ ಸಿಡಿಸಿದರೆ ಹುರಿದ ಕಾಳಿನ ಹಿತವಾದ ಪರಿಮಳ ಬರುತ್ತದೆಯೇ ಹೊರತು ಘಾಟಿಲ್ಲ. ಅದೇ ಕಾಳನ್ನು ಹಸಿಯಾಗಿ ತೆಂಗಿನಕಾಯಿಯ ಜೊತೆ ನೀರು ಹಾಕಿ ರುಬ್ಬಿ, ಮಾವಿನಹಣ್ಣಿನದೋ ಅನಾನಸಿನದೋ ಸಾಸಿವೆ ಮಾಡಿ ನೋಡಿ. ರುಬ್ಬಿದ ಸ್ವಲ್ಪ ಹೊತ್ತಿಗೆ ಮೂಗಿನ ನೆತ್ತಿಗೇರುವ ಘಾಟು ಬರುತ್ತದೆ. ಕಾಳು ಒಂದೇ, ಫಲ ಮಾತ್ರ ಮೂರು ಬಗೆ.

ಕಾಳಿನೊಳಗೆ ಸಿನಿಗ್ರಿನ್ ಎಂಬ ವಸ್ತು ಇರುತ್ತದೆ, ಅದಕ್ಕೆ ವಾಸನೆ ಇಲ್ಲ. ಅದರ ಪಕ್ಕದ ಬೇರೆ ಕೋಶಗಳಲ್ಲಿ ಮೈರೋಸಿನೇಸ್ ಎಂಬ ಕಿಣ್ವ ಇರುತ್ತದೆ. ಕಾಳು ಇಡಿಯಾಗಿರುವ ತನಕ ಇವೆರಡೂ ಸೇರುವುದಿಲ್ಲ. ಜಜ್ಜಿದಾಗ ನಡುವಿನ ಗೋಡೆ ಒಡೆದು, ಸ್ವಲ್ಪ ನೀರಿನ ಪಸೆಯೂ ಸಿಕ್ಕಿದರೆ, ಕಿಣ್ವವು ಸಿನಿಗ್ರಿನ್ನನ್ನು ಮುರಿದು ಅಲೈಲ್ ಐಸೊಥಯೊಸಯನೇಟ್ ಎಂಬ ಹೊಸ ವಸ್ತುವನ್ನು ಹುಟ್ಟಿಸುತ್ತದೆ. ಹೆಸರು ಉದ್ದ, ಆದರೆ ನಮಗೆಲ್ಲ ಪರಿಚಯದ್ದೇ: ಸಾಸಿವೆಯ ಘಾಟು ಎಂದರೆ ಇದು. ಕೀಟಗಳು ಕಾಳನ್ನು ಕಚ್ಚಿದಾಗ ತನ್ನನ್ನು ಕಾಪಾಡಿಕೊಳ್ಳಲು ಗಿಡ ಮಾಡಿಕೊಂಡ ಏರ್ಪಾಡು. ಒಗ್ಗರಣೆಯಲ್ಲಿ ಕಾಳು ಒಡೆಯುವ ಮೊದಲೇ ಬಿಸಿಗೆ ಕಿಣ್ವ ಸತ್ತುಹೋಗುವುದರಿಂದ ಘಾಟು ಹುಟ್ಟುವುದೇ ಇಲ್ಲ.

ಗಾಣದಲ್ಲಿ ಸಾಸಿವೆ ಅರೆಯುವಾಗ ಸ್ವಲ್ಪ ನೀರು ಚಿಮುಕಿಸುತ್ತಾರೆ. ಬಿಸಿ ಹೆಚ್ಚಾಗದಂತೆ ನಿಧಾನವಾಗಿ ಅರೆಯುತ್ತಾರೆ. ಕಿಣ್ವಕ್ಕೆ ಬೇಕಾದ ನೀರೂ ಸಮಯವೂ ಸಿಕ್ಕಿ, ಹುಟ್ಟಿದ ಘಾಟು ಎಣ್ಣೆಯಲ್ಲೇ ಕರಗಿ ನಿಲ್ಲುತ್ತದೆ. ಸೀಸೆಯ ಮೇಲೆ ಕಚ್ಚಿ ಘಾನಿ ಎಂದು ಬರೆದಿರುವುದು ಇಂಥ ಎಣ್ಣೆಯ ಮೇಲೆ. ಹಾಗೆ ಬರೆದುಕೊಳ್ಳಬೇಕಾದರೆ ಅದರಲ್ಲಿ ಈ ಘಾಟಿನ ಸಾರ ಶೇಕಡಾ 0.25ರಿಂದ 0.60ರವರೆಗೆ ಇರಬೇಕು ಎಂಬ ನಿಯಮ ನಮ್ಮ ದೇಶದಲ್ಲಿದೆ. ನೂರರಲ್ಲಿ ಒಂದು ಪಾಲೂ ಇಲ್ಲದ ವಸ್ತು ಇಡೀ ಅಡುಗೆಮನೆಯನ್ನು ಕೆಮ್ಮಿಸುತ್ತದೆ. ರಿಫೈನ್ಡ್ ಸಾಸಿವೆ ಎಣ್ಣೆಯಲ್ಲಿ ಈ ಸಾರವನ್ನು ಕಾರ್ಖಾನೆಯಲ್ಲೇ ತೆಗೆದುಬಿಟ್ಟಿರುತ್ತಾರೆ. ಅದನ್ನು ಹೊಗೆ ಬರಿಸಿ ಕಾಯಿಸುವ ಅಗತ್ಯವೇ ಇಲ್ಲ, ಕಾಯಿಸಿದರೂ ಗಳಿಸುವುದೇನೂ ಇಲ್ಲ. ಹಾಗಾಗಿ ಮೊದಲು ಸೀಸೆಯ ಮೇಲಿನ ಬರಹ ಓದಿಕೊಳ್ಳಬೇಕು.

ಇನ್ನು ಕಾಯಿಸುವುದು. ಘಾಟಿನ ಸಾರ ಹಗುರವಾದದ್ದು, ಸುಮಾರು 150 ಡಿಗ್ರಿಯಲ್ಲಿ ಕುದಿದು ಆವಿಯಾಗಿ ಹೋಗುತ್ತದೆ. ಸಾಸಿವೆ ಎಣ್ಣೆಗೆ ಹೊಗೆ ಬರುವುದು ಸುಮಾರು 250 ಡಿಗ್ರಿಯಲ್ಲಿ ಎಂದು ಪುಸ್ತಕಗಳು ಹೇಳುತ್ತವೆ. ಗಾಣದ ಎಣ್ಣೆಗೆ, ಅದರಲ್ಲೂ ಹಳೆಯದಾದರೆ, ಇನ್ನೂ ಸ್ವಲ್ಪ ಮುಂಚೆಯೇ ಬರಬಹುದು. ಹಾಗಾದರೆ ಘಾಟು ಹೋಗಲು ಹೊಗೆಯ ತನಕ ಏಕೆ ಕಾಯಬೇಕು? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಉತ್ತರ ಸರಳವಾಗಿದೆ. ಎಣ್ಣೆಯಲ್ಲಿ ಕರಗಿಕೊಂಡಿರುವ ಸಾರ, 150 ಡಿಗ್ರಿ ಆಯಿತು ಎಂದು ಒಂದೇ ಸಲಕ್ಕೆ ಎದ್ದುಹೋಗುವುದಿಲ್ಲ. ಅದು ಹೊರಬೀಳಲು ಬಿಸಿಯೂ ಬೇಕು, ಹೊತ್ತೂ ಬೇಕು. ಒಲೆಯ ಮುಂದೆ ನಿಂತವರ ಕೈಯಲ್ಲಿ ಉಷ್ಣಮಾಪಕ ಇರುವುದಿಲ್ಲ. ಕಣ್ಣಿಗೆ ಕಾಣುವ, ಯಾರಿಗೂ ತಪ್ಪಾಗದ ಗುರುತು ಹೊಗೆಯೊಂದೇ. ಹೊಗೆಯ ಎಳೆ ಎದ್ದಿತೆಂದರೆ ಘಾಟು ಹೋಗಲು ಬೇಕಾದ ಬಿಸಿಯನ್ನು ಎಣ್ಣೆ ಯಾವಾಗಲೋ ದಾಟಿ ಬಂದಿದೆ ಎಂದು ಅರ್ಥ. ಹೊಗೆ ಘಾಟನ್ನು ಓಡಿಸುವುದಿಲ್ಲ, ಘಾಟು ಹೋಯಿತು ಎಂದು ತಿಳಿಸುತ್ತದೆ. ಆದ್ದರಿಂದಲೇ ಅದು ಕಂಡ ಮೇಲೆ ಒಂದು ಕ್ಷಣವೂ ಹೆಚ್ಚು ಕಾಯಿಸಬೇಕಾಗಿಲ್ಲ. ದಟ್ಟ ಹೊಗೆ ಏಳುವ ತನಕ ಬಿಡುವವರನ್ನು ಕಂಡಿದ್ದೇನೆ. ಅದರಿಂದ ಎಣ್ಣೆ ಕೆಡುತ್ತದೆ ಅಷ್ಟೆ. ಆ ಹೊಗೆಯಲ್ಲಿ ಗಂಟಲು ಉರಿಸುವ ಅಕ್ರೊಲಿನ್ ಇರುತ್ತದೆ, ಎಣ್ಣೆಗೆ ಸುಟ್ಟ ಕಹಿ ಹತ್ತುತ್ತದೆ.

ಮೂರನೆಯ ಸಲ ಮಾಶಿಮಾ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತಾವೇ ಮಾಡಿ ತೋರಿಸಿದರು. ಗರಿಯಾಹಾಟ್ ಮಾರುಕಟ್ಟೆಯಿಂದ ಒಂದು ಕಿಲೋ ತೂಗುವ ರೋಹು ತಂದಿದ್ದೆವು. ಬಂಗಾಳಿಗಳು ಇದನ್ನು ರುಯಿ ಎನ್ನುತ್ತಾರೆ. ಮೀನಿನವನು ದೊಡ್ಡ ಬೋಟಿಯ ಮುಂದೆ ಕೂತು ಕತ್ತರಿಸಿಕೊಟ್ಟ. ಬೋಟಿ ಎಂದರೆ ನಮ್ಮ ಈಳಿಗೆಮಣೆಯದೇ ಜಾತಿ, ಅಲಗು ಮಾತ್ರ ಇನ್ನೂ ಎತ್ತರ. ಬೆನ್ನಿನ ತುಂಡಿಗೆ ಗಾದಾ, ಹೊಟ್ಟೆಯ ಕಡೆಯ ಕೊಬ್ಬಿನ ತುಂಡಿಗೆ ಪೇಟಿ ಎಂದು ಹೆಸರು. ಹೆಬ್ಬೆರಳಿನಷ್ಟು ದಪ್ಪದ ಆರು ತುಂಡುಗಳನ್ನು ಹುರಿಯಲು ತೆಗೆದಿಟ್ಟು, ಒಂದು ಚಮಚ ಉಪ್ಪು, ಮುಕ್ಕಾಲು ಚಮಚ ಅರಿಸಿನ ಸವರಿ ಕಾಲು ಗಂಟೆ ಬಿಟ್ಟರು. ಮೆಣಸಿನ ಪುಡಿ ಇಲ್ಲ, ಹುಳಿ ಇಲ್ಲ, ರವೆ ಇಲ್ಲ. ನಮ್ಮ ಕರಾವಳಿಯ ಕೆಂಪು ಮಸಾಲೆಯನ್ನು ಕಂಡು ಬೆಳೆದ ಕಣ್ಣಿಗೆ ಅದು ಬರಿಮೈಯ ಮೀನು. ಆದರೆ ಮಸಾಲೆಯ ಹೊದಿಕೆ ಇಲ್ಲದಿರುವುದರಿಂದಲೇ ಎಣ್ಣೆಯ ಗುಣ ಅಲ್ಲಿ ಇಷ್ಟು ಮುಖ್ಯವಾಗುತ್ತದೆ. ಎಣ್ಣೆಯೇ ಅಲ್ಲಿ ಮಸಾಲೆ.

ಉಪ್ಪು ಮೀನಿನಿಂದ ನೀರು ಎಳೆಯುತ್ತದೆ. ಕಾಲು ಗಂಟೆಯಲ್ಲಿ ತಟ್ಟೆಯ ತಳದಲ್ಲಿ ಹಳದಿ ನೀರು ನಿಂತಿತ್ತು. ಅದನ್ನು ಚೆಲ್ಲಿ, ತುಂಡುಗಳನ್ನು ಬಟ್ಟೆಯಿಂದ ಮೆಲ್ಲಗೆ ಒತ್ತಿ ಪಸೆ ತೆಗೆದರು. ಸಿಡಿತ ಅರ್ಧಕ್ಕರ್ಧ ಕಡಿಮೆಯಾಗುವುದು ಇಲ್ಲಿಯೇ.

ಕಬ್ಬಿಣದ ಕಡಾಯಿ ಒಲೆಯ ಮೇಲೇರಿತು. ಹನಿ ನೀರೂ ಇಲ್ಲದಂತೆ ಒಣಗಿಸಿ, ಮುಕ್ಕಾಲು ಲೋಟದಷ್ಟು ಎಣ್ಣೆ ಸುರಿದು ಮಧ್ಯಮ ಉರಿ ಇಟ್ಟರು. ಕಿಟಕಿ ತೆರೆದಿತ್ತು. ಮೊದಲು ಎಣ್ಣೆ ಹಳೆಯ ಜೇನಿನ ಬಣ್ಣಕ್ಕಿತ್ತು, ದಪ್ಪವಾಗಿತ್ತು. ಸ್ವಲ್ಪ ಹೊತ್ತಿಗೆ ಮೂಗು ಚುರುಗುಟ್ಟಿತು. ಘಾಟು ಎದ್ದುಹೋಗುವ ಹೊತ್ತು ಅದು, ಆಗ ಕಡಾಯಿಯ ಮೇಲೆ ಬಾಗಬಾರದು. ಅಂಚಿನಲ್ಲಿ ಸಣ್ಣ ನೊರೆ ಮೂಡಿ, ತಾನಾಗಿಯೇ ಅಡಗಿತು. ಎಣ್ಣೆ ತೆಳುವಾಗಿ ಕಡಾಯಿಯನ್ನು ಓಲಿಸಿದರೆ ನೀರಿನ ಹಾಗೆ ಹರಿಯತೊಡಗಿತು. ಬಳಿಕ ಬಣ್ಣ ಬದಲಾಯಿತು. ಇದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ: ಗಾಢವಾಗಿದ್ದ ಎಣ್ಣೆ ನೋಡನೋಡುತ್ತ ತಿಳಿ ಹಳದಿಯಾಗುತ್ತದೆ, ಕಡಾಯಿಯ ತಳ ಸ್ಪಷ್ಟವಾಗಿ ಕಾಣುತ್ತದೆ. ಎಣ್ಣೆಗೆ ಬಣ್ಣ ಕೊಡುವ ಕ್ಯಾರೊಟಿನ್ ಜಾತಿಯ ವಸ್ತುಗಳು ಬಿಸಿಗೆ ಒಡೆದುಹೋಗುವುದು ಇದಕ್ಕೆ ಕಾರಣ. ಅದಾದ ಮೇಲೆ ಅಂಚಿನಿಂದ ಊದುಬತ್ತಿಯದರಂಥ ತೆಳು ಎಳೆಯೊಂದು ಮೇಲೆದ್ದಿತು. ಎಣ್ಣೆ ಇಟ್ಟು ನಾಲ್ಕು ನಿಮಿಷ ಆಗಿತ್ತು.

ಮಾಶಿಮಾ ಒಲೆ ಆರಿಸಿಬಿಟ್ಟರು. ನನಗೆ ಆಶ್ಚರ್ಯ. "ತಗ್ಗಿಸಿದರೆ ಸಾಲದಾ ಮಾಶಿಮಾ?" ಎಂದೆ. "ಕಡಾಯಿ ಕಬ್ಬಿಣದ್ದು. ಉರಿ ತಗ್ಗಿಸಿದರೆ ನಿನಗೆ ಗೊತ್ತಾಗುತ್ತದೆ, ಅದಕ್ಕೆ ಗೊತ್ತಾಗಲು ಹೊತ್ತು ಬೇಕು" ಎಂದರು. ದಪ್ಪ ಕಬ್ಬಿಣ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಉರಿಯನ್ನು ಬರಿದೇ ಸಣ್ಣದು ಮಾಡಿದರೆ ಇನ್ನೊಂದು ನಿಮಿಷ ಹೊಗೆ ಏಳುತ್ತಲೇ ಇರುತ್ತದೆ. ತೆಳುವಾದ ಅಲ್ಯೂಮಿನಿಯಂ ಬಾಣಲೆಯಾದರೆ ಉರಿ ತಗ್ಗಿಸಿದರೆ ಸಾಕು. ನಾನ್‌ಸ್ಟಿಕ್ ಪಾತ್ರೆಯಲ್ಲಿ ಮಾತ್ರ ಈ ಕೆಲಸ ಬೇಡವೇ ಬೇಡ. ಅದರ ಲೇಪನ ತಾಳುವ ಬಿಸಿಯ ಎಲ್ಲೆ ಸುಮಾರು 260 ಡಿಗ್ರಿ, ಸಾಸಿವೆ ಎಣ್ಣೆಯ ಹೊಗೆ ಅದರ ಹೊಸ್ತಿಲಲ್ಲೇ ಇದೆ.

ಎರಡು ನಿಮಿಷ ಸುಮ್ಮನೆ ನಿಂತೆವು. ಹೊಗೆ ಪೂರ್ತಿ ನಿಂತಿತು. ಮತ್ತೆ ಸಣ್ಣ ಉರಿ ಹಚ್ಚಿ ಅವರು ಚಿಟಿಕೆ ಅರಿಸಿನವನ್ನು ಎಣ್ಣೆಗೆ ಉದುರಿಸಿದರು. ಅದು ಸರ್ರೆಂದು ಹರಡಿತು, ಹಳದಿಯಾಗಿಯೇ ಉಳಿಯಿತು. ಇದು ಅವರ ಪರೀಕ್ಷೆ. ಅರಿಸಿನ ಬಿದ್ದ ಕೂಡಲೇ ಕಂದಿ ಕಪ್ಪಾದರೆ ಎಣ್ಣೆ ಇನ್ನೂ ಇಳಿದಿಲ್ಲ, ಸದ್ದಿಲ್ಲದೆ ತಳಕ್ಕೆ ಕೂತರೆ ತೀರಾ ತಣಿದಿದೆ. ಮೀನು ಹುರಿಯಲು ಬೇಕಾದದ್ದು 170ರಿಂದ 180 ಡಿಗ್ರಿ, ಅಂದರೆ ಹೊಗೆಗಿಂತ ಎಪ್ಪತ್ತು ಡಿಗ್ರಿಯಷ್ಟು ಕೆಳಗೆ. ಆ ಎಪ್ಪತ್ತು ಡಿಗ್ರಿ ಇಳಿಯುವ ಮೊದಲೇ ನಾನು ಎರಡನೆಯ ಸಲ ಮೀನು ಬಿಟ್ಟಿದ್ದೆ.

ತುಂಡುಗಳನ್ನು ಮೇಲಿಂದ ಹಾಕದೆ, ಕಡಾಯಿಯ ಗೋಡೆಗೆ ತಾಗಿಸಿ ಜಾರಿಸಿದರು. ಒಮ್ಮೆಗೆ ಮೂರು ಮಾತ್ರ. ಆರನ್ನೂ ಒಟ್ಟಿಗೆ ಹಾಕಿದರೆ ಎಣ್ಣೆಯ ಬಿಸಿ ಕುಸಿದು, ಮೀನು ಹುರಿಯುವ ಬದಲು ತನ್ನದೇ ನೀರಿನಲ್ಲಿ ಬೇಯುತ್ತದೆ, ಚರ್ಮ ತಳಕ್ಕೆ ಅಂಟುತ್ತದೆ. ಹಾಕಿದ ಮೇಲೆ ಉರಿಯನ್ನು ಮಧ್ಯಮಕ್ಕಿಂತ ತುಸು ಕೆಳಗೆ ಇಟ್ಟು ಮೂರು ನಿಮಿಷ ಮುಟ್ಟಲಿಲ್ಲ. ನಾನು ಸೌಟು ಚಾಚಿದಾಗ ಕೈ ತಡೆದರು. ಮೇಲ್ಪದರ ಗಟ್ಟಿಯಾದ ಮೇಲೆ ಮೀನು ತಾನಾಗಿಯೇ ಲೋಹವನ್ನು ಬಿಡುತ್ತದೆ. ಅದಕ್ಕಿಂತ ಮೊದಲು ಎಬ್ಬಿಸಿದರೆ ಚರ್ಮ ಕಡಾಯಿಯಲ್ಲಿ, ಮೀನು ಕೈಯಲ್ಲಿ. ಅಂಚು ಹೊಂಬಣ್ಣಕ್ಕೆ ತಿರುಗಿ, ಕಡಾಯಿ ಅಲುಗಿಸಿದಾಗ ತುಂಡುಗಳು ಸರಿದಾಡಿದವು. ಆಗ ಮಗುಚಿ ಇನ್ನೆರಡು ಮೂರು ನಿಮಿಷ. ಗುಳ್ಳೆಗಳ ಸದ್ದು ಮೊದಲಿನ ಚುರುಚುರು ಬಿಟ್ಟು ತೆಳುವಾದಾಗ ಒಳಗಿನ ನೀರು ಸಾಕಷ್ಟು ಹೋಗಿದೆ ಎಂದು ತಿಳಿಯಬೇಕು. ಎರಡನೆಯ ಸರದಿಯ ಮೂರಕ್ಕೆ ಎಣ್ಣೆಯನ್ನು ಮತ್ತೆ ಹೊಗೆ ಬರಿಸಲಿಲ್ಲ. ಘಾಟು ಒಮ್ಮೆ ಹೋದದ್ದು ಹೋಯಿತು, ಮತ್ತೆ ಮತ್ತೆ ಹೊಗೆಗೇರಿಸಿದರೆ ಎಣ್ಣೆ ಹಾಳಾಗುವುದೊಂದೇ ಲಾಭ.

ಮೀನಿಗೆ ಸೀಳು ವಾಸನೆಯೂ ಇರಲಿಲ್ಲ, ಘಾಟೂ ಇರಲಿಲ್ಲ. ಹುರಿದ ಶೇಂಗಾದ ನೆನಪು ತರುವ ಒಂದು ಸಿಹಿಯಾದ ಕಂಪು, ಅದರ ಹಿಂದೆ ಎಲ್ಲೋ ಸಾಸಿವೆಯ ಸಣ್ಣ ಸುಳಿವು. ಸೀಸೆಯಿಂದ ಸುರಿದ ಎಣ್ಣೆಯೂ ಇದೂ ಒಂದೇ ಎಂದರೆ ನಂಬಲಾಗುತ್ತಿರಲಿಲ್ಲ.

ಕಾಯಿಸುವುದರಿಂದ ಆಗದ ಕೆಲಸವೂ ಒಂದಿದೆ. ಅಮೆರಿಕದಲ್ಲಿರುವ ನನ್ನ ತಂಗಿ ಅಲ್ಲಿನ ಭಾರತೀಯ ಅಂಗಡಿಯಿಂದ ಸಾಸಿವೆ ಎಣ್ಣೆ ತಂದು, ಸೀಸೆಯ ಮೇಲೆ 'ಮೈಗೆ ಹಚ್ಚಲು ಮಾತ್ರ' ಎಂಬ ಅರ್ಥದ ಮಾತು ಇರುವುದನ್ನು ಕಂಡು, ಹೊಗೆ ಬರುವ ತನಕ ಕಾಯಿಸಿದರೆ ಸರಿಹೋಗುತ್ತದೆಯೇ ಎಂದು ಫೋನಿನಲ್ಲಿ ಕೇಳಿದಳು. ಇಲ್ಲ. ಅಲ್ಲಿನ ಸರಕಾರದ ಆತಂಕ ಘಾಟಿನದಲ್ಲ, ಎರುಸಿಕ್ ಆಮ್ಲದ್ದು. ಸಾಸಿವೆ ಎಣ್ಣೆಯ ಕೊಬ್ಬಿನಲ್ಲಿ ಇದು ದೊಡ್ಡ ಪಾಲು, ಸಾಮಾನ್ಯ ತಳಿಗಳಲ್ಲಿ ಶೇಕಡಾ ನಲವತ್ತರ ಆಸುಪಾಸು. ಇಲಿಗಳಿಗೆ ಹೆಚ್ಚಾಗಿ ತಿನ್ನಿಸಿದಾಗ ಹೃದಯದ ಸ್ನಾಯುವಿನಲ್ಲಿ ಕೊಬ್ಬು ಕೂಡಿಕೊಂಡದ್ದರಿಂದ ಅವರು ಅಡುಗೆಗೆ ಬೇಡವೆಂದಿದ್ದಾರೆ. ಬಂಗಾಳ, ಬಿಹಾರ, ಕಾಶ್ಮೀರಗಳು ತಲೆತಲಾಂತರದಿಂದ ಉಂಡ ಎಣ್ಣೆ ಇದು. ಆ ವಾದ ಏನೇ ಇರಲಿ, ಎರುಸಿಕ್ ಆಮ್ಲ ಎಣ್ಣೆಯ ಮೈಯೇ ಆಗಿದೆ, ಘಾಟಿನ ಹಾಗೆ ಆವಿಯಾಗಿ ಏಳುವಂಥದ್ದಲ್ಲ. ಹೊಗೆ ಎಷ್ಟು ಬಂದರೂ ಅದು ಕಡಾಯಿಯಲ್ಲೇ ಉಳಿಯುತ್ತದೆ. ಕಲಬೆರಕೆಯ ಎಣ್ಣೆಯ ವಿಷಯದಲ್ಲೂ ಕಾಯಿಸುವುದನ್ನು ರಕ್ಷಣೆ ಎಂದುಕೊಳ್ಳಬಾರದು.

ಅವಳಿಗೆ ನಾನು ಒತ್ತಿ ಹೇಳಿದ ಇನ್ನೊಂದು ಮಾತನ್ನು ಇಲ್ಲೂ ಹೇಳಿಬಿಡುತ್ತೇನೆ. ಹೊಗೆ ಬರಿಸಲು ಇಟ್ಟ ಎಣ್ಣೆಯನ್ನು ಬಿಟ್ಟು ಕದಡೆಗೆ ಹೋಗಬೇಡಿ, ಫೋನು ಎತ್ತಿಕೊಳ್ಳಬೇಡಿ. ಹೊಗೆಯಾದ ಮೇಲೂ ಉರಿ ಮುಂದುವರಿದರೆ ಎಣ್ಣೆಗೇ ಬೆಂಕಿ ಹತ್ತಬಹುದು. ಹತ್ತಿದರೆ ನೀರು ಹಾಕಲೇಬಾರದು, ನೀರು ತಳದಲ್ಲಿ ಆವಿಯಾಗಿ ಸಿಡಿದು ಬೆಂಕಿಯನ್ನು ಅಡುಗೆಮನೆಗೆಲ್ಲ ಎರಚುತ್ತದೆ. ಒಲೆ ಆರಿಸಿ, ಅಗಲವಾದ ಲೋಹದ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಿ, ತಣಿಯುವ ತನಕ ತೆಗೆಯದಿರಿ. ನಾನು ಎಣ್ಣೆ ಇಡುವ ಮೊದಲು ಮುಚ್ಚಳವನ್ನು ಪಕ್ಕದಲ್ಲಿ ಇಟ್ಟುಕೊಂಡಿರುತ್ತೇನೆ.

ಆ ದಿನ ಹುರಿದ ಮೀನಲ್ಲಿ ಎರಡನ್ನು ಹಾಗೆಯೇ ತಿಂದೆವು. ಉಳಿದ ನಾಲ್ಕಕ್ಕೆ ಝೋಲ್ ಆಗಬೇಕಿತ್ತು, ಅಂದರೆ ತೆಳ್ಳಗಿನ ಮೀನುಸಾರು. ಹುರಿದುಳಿದ ಎಣ್ಣೆಯಲ್ಲಿ ಎರಡು ಚಮಚದಷ್ಟನ್ನು ಮಾತ್ರ ಕಡಾಯಿಯಲ್ಲಿ ಬಿಟ್ಟು, ಕಾಲೋ ಜೀರೆ ಎನ್ನುವ ಪುಟ್ಟ ಕಪ್ಪು ಬೀಜಗಳನ್ನೂ ಸೀಳಿದ ಹಸಿಮೆಣಸಿನಕಾಯಿಯನ್ನೂ ಹಾಕಿದರು. ಉದ್ದಕ್ಕೆ ಹೆಚ್ಚಿದ ಆಲೂಗಡ್ಡೆ, ಅರಿಸಿನ, ನೀರು. ಕುದಿ ಬಂದು ಆಲೂಗಡ್ಡೆ ಬೆಂದ ಮೇಲೆ ಮೀನು ಬಿಟ್ಟು ಐದು ನಿಮಿಷ. ಒಲೆ ಆರಿಸಿದರು.

ಆಮೇಲೆ ಸೀಸೆ ಎತ್ತಿಕೊಂಡು, ಕಾಯಿಸದ ಎಣ್ಣೆಯನ್ನೇ ಒಂದು ಚಮಚ ಸಾರಿನ ಮೇಲೆ ಸುತ್ತಲೂ ಹನಿಸಿದರು. ಹಸಿ ಎಣ್ಣೆ! ಬೆಳಗಿನಿಂದ ನಾವು ಕಷ್ಟಪಟ್ಟು ಕಳೆದದ್ದು ಅದರ ಹಸಿತನವನ್ನೇ ಅಲ್ಲವೇ ಎಂದು ಕೇಳಿದೆ. ಮಾಶಿಮಾ ಮುಚ್ಚಳ ಹಾಕುತ್ತ ಹೇಳಿದರು: "ಹುರಿಯುವುದಕ್ಕೆ ಅದು ಬೇಡ, ಮೀನಿನೊಳಗೆ ಹೊಕ್ಕು ಕೂರುತ್ತದೆ. ಇದು ಮೇಲಿನದು, ಮೂಗಿಗೆ ಮಾತ್ರ." ಅನ್ನಕ್ಕೆ ಸಾರು ಬಡಿಸಿ ಮುಚ್ಚಳ ಸರಿಸಿದಾಗ, ಬಿಸಿಯ ಜೊತೆ ಆ ಘಾಟು ತೆಳ್ಳಗೆ, ಹಿತವಾಗಿ ಮೇಲೆದ್ದು ಬಂತು.